ಏಳು ಅಂದರೆ ಆರಕ್ಕೆ

ಮಾರ್ಚ್ ೩, ಸೋಮವಾರ

ಮಾತಾಡಬಾರದಂತೆ. ಪಿಸುಗುಡಲೂಬಾರದು, ಪಿಸುಮಾತು ಕೂಗಿದ್ದಕ್ಕಿಂತ ಕೆಟ್ಟದ್ದಂತೆ. ಸ್ವರತಂತಿಯ ಮೇಲಿನ ಗಂಟು ತೆಗೆದ ಗಂಟಲಿನ ಡಾಕ್ಟರು, ತಮ್ಮ ಗಂಟಲು ಚೆನ್ನಾಗಿರುವ ಧೈರ್ಯದಲ್ಲಿ, ಅರ್ಧ ಗಂಟೆ ಇದನ್ನೇ ಹೇಳಿದರು. ಹದಿನಾಲ್ಕಕ್ಕೆ ಬಂದು ತೋರಿಸಬೇಕು. ಅಲ್ಲಿಯವರೆಗೆ ಬರೆಯಿರಿ ಅಂದರು. ಸರಿ, ಬರೆಯುತ್ತಿದ್ದೇನೆ.

ಯಜಮಾನರು ನನಗೆ ಮಾತು ಬಾರದೆಂಬುದನ್ನು ಕಿವಿ ಕೇಳಿಸದೆಂದು ತಿಳಿದುಕೊಂಡಿದ್ದಾರೆ. "ಕಾಫಿ... ಬೇಕಾ?" ಎಂದು ಬಾಯಿ ಅಗಲ ಮಾಡಿ ಕೂಗುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ಇವರೇನಾ ಅನ್ನಿಸುತ್ತದೆ.

ಸಂಜೆ ಬಸ್ ನಿಲ್ದಾಣದ ಮುಂದೆ ಹಾದು ಬಂದೆವು. ಒಳಗಿಂದ ನನ್ನದೇ ಧ್ವನಿ, ಎಂದೋ ರೆಕಾರ್ಡ್ ಮಾಡಿಕೊಟ್ಟದ್ದು. "ಪ್ರಯಾಣಿಕರು ದಯವಿಟ್ಟು ಗಮನಿಸಿ." ಏನು ಸ್ಪಷ್ಟ, ಏನು ನಯ! ಅದು ಅಲ್ಲಿ ದುಡಿಯುತ್ತಿದೆ, ನಾನಿಲ್ಲಿ ಚೀಲ ಹಿಡಿದು ಮೂಗಿಯ ಹಾಗೆ ನಿಂತಿದ್ದೇನೆ. ಹದಿನಾಲ್ಕಕ್ಕೆ ಅದು ನನಗೆ ವಾಪಸ್ ಬರಲೇಬೇಕು. ಬೇರೆ ಏನು ಬರುತ್ತದೆ ನನಗೆ? ಅಡುಗೆಯೂ ಬರುವುದಿಲ್ಲ.

ಮಾರ್ಚ್ ೪, ಮಂಗಳವಾರ

ತಮ್ಮ ಬಂದಿದ್ದ. ಇವನು ಬೀದಿ ನಾಟಕದವನು. ಕಾಲೇಜಿನಲ್ಲಿ ಒಮ್ಮೆ ಟೇಬಲ್ ಹತ್ತಿ ಭಾಷಣ ಮಾಡಿದವನು ಇನ್ನೂ ಇಳಿದಿಲ್ಲ. ಮನೆಯಲ್ಲಿ ನಾನು ಅವನನ್ನು ಕರೆಯುವುದೇ ಕ್ರಾಂತಿ ಎಂದು. ಜೊತೆಗೆ ಅವನ ಹೆಂಡತಿ. ಬಟ್ಟೆ ಅಂಗಡಿಯಲ್ಲಿ ಕೆಲಸ, ನಾಟಕದಲ್ಲಿ ನಾಯಕಿ. ಅವಳು ಬಾಯಿ ತೆಗೆದರೆ ಅಟ್ಟದ ಮೇಲಿಂದ ಪಾತ್ರೆಯ ಗೋಣಿ ಉರುಳಿದ ಹಾಗಿರುತ್ತದೆ. ಮದುವೆಯ ದಿನವೇ ಪಾತ್ರೆ ಎಂದು ಹೆಸರಿಟ್ಟಿದ್ದೆ, ಮನಸ್ಸಿನಲ್ಲೇ.

ಹೊಸ ನಾಟಕವಂತೆ. ಹೆಸರು 'ಏಳು'. ಬಟ್ಟೆ ಅಂಗಡಿಯ ಕೆಲಸದವಳೊಬ್ಬಳು, ದಿನವಿಡೀ ನಿಂತೇ ಇರಬೇಕಾದವಳು, ಕೂರಲು ಸ್ಟೂಲ್ ಕೇಳಿ ಬೈಸಿಕೊಂಡವಳು, ಒಂದು ಸಂಜೆ ನಡುಬೀದಿಯಲ್ಲಿ ಮಲಗಿಬಿಡುತ್ತಾಳೆ. ಗಂಡ ಬಂದು ಏಳು ಅನ್ನುತ್ತಾನೆ, ಮಾಲೀಕ ಏಳು ಅನ್ನುತ್ತಾನೆ, ಪೊಲೀಸ್ ಏಳು ಅನ್ನುತ್ತಾನೆ. ಏಳುವುದಿಲ್ಲ. ಕೊನೆಗೆ ಎಲ್ಲರೂ ಅವಳ ಸುತ್ತ ಬೀದಿಯಲ್ಲೇ ಕೂತುಬಿಡುತ್ತಾರೆ, ನೋಡಲು ಬಂದವರೂ ಕೂರುತ್ತಾರೆ. ಆಗ ಅವಳು ತಾನಾಗಿ ಏಳುತ್ತಾಳೆ. ಅಷ್ಟೇ. ಇದಕ್ಕೆ ನಾಟಕ ಅಂತಾರೆ.

ಇದುವರೆಗೆ ಇವರದೆಲ್ಲ ಪುಕ್ಕಟೆ. ಈ ಸಲ ವಾರ್ಡ್ ಕಚೇರಿಯವರು ಬಟ್ಟೆ ಅಂಗಡಿ ಬೀದಿಯನ್ನು ಒಂದು ಸಂಜೆ ಮುಚ್ಚಿಕೊಡುತ್ತಾರಂತೆ, ಎರಡೂ ಕಡೆ ಹಗ್ಗ ಕಟ್ಟಿ, ಒಳಗೆ ಬರಲು ಟಿಕೆಟ್ ಇಟ್ಟು. ಜನ ಬಂದರೆ ಮುಂದೆಯೂ ಕೊಡುತ್ತಾರೆ. ಅದಕ್ಕೆ ಟೀಸರ್ ಬೇಕು, ಸಿನಿಮಾದ ಹಾಗೆ, ಬರೀ ಧ್ವನಿಯದು. ಫೋನಿಗೆ ಒಂದು, ಊರು ಸುತ್ತುವ ಮೈಕಿನ ವ್ಯಾನಿಗೆ ಒಂದು.

"ನೀನೇ ಮಾಡ್ಬೇಕಕ್ಕ. ನಿನ್ನ ಬಿಟ್ರೆ ಯಾರಿದಾರೆ?" ಅಂದ.

ಪಾತ್ರೆ ಬಗ್ಗಿ ನನ್ನ ಗಂಟಲನ್ನೇ ನೋಡಿದಳು. "ಅತ್ತಿಗೆ, ನೋವಾಗುತ್ತಾ?" ಎಂದು ಕೇಳಿದಳು, ಪಕ್ಕದ ಮನೆಯವರಿಗೂ ಕೇಳಿಸುವಂತೆ.

ಚೀಟಿಯಲ್ಲಿ ಬರೆದುಕೊಟ್ಟೆ: ಹದಿನಾಲ್ಕರ ನಂತರ ನಾನೇ ಓದುತ್ತೇನೆ. ಅಲ್ಲಿಯವರೆಗೆ ಯಾರೂ ಮೈಕ್ ಮುಟ್ಟಬಾರದು.

ಮಾರ್ಚ್ ೮, ಶನಿವಾರ

ಕ್ರಾಂತಿ ಬರೆದು ತಂದ ಟೀಸರ್ ಓದಿದೆ. ಮೊದಲ ಸಾಲಿನಲ್ಲೇ 'ಶೋಷಣೆ', ಎರಡನೆಯದರಲ್ಲಿ 'ವ್ಯವಸ್ಥೆ', ಕೊನೆಯದರಲ್ಲಿ 'ಎಲ್ಲರೂ ಕೂತಾಗ ಅವಳು ಎದ್ದಳು!' ಇಡೀ ನಾಟಕವನ್ನು ಬಾಗಿಲಲ್ಲೇ ಹಂಚಿಬಿಟ್ಟರೆ ಟಿಕೆಟ್ ತೆಗೆದುಕೊಂಡು ಒಳಗೆ ಬಂದವನು ಏನು ನೋಡಬೇಕು, ನಿನ್ನ ಮೀಸೆಯನ್ನಾ? ಟಿಕೆಟ್ಟಿನ ಬಗ್ಗೆ ಇದ್ದದ್ದು ಒಂದೇ ಸಾಲು: 'ಬನ್ನಿ, ಭಾಗವಹಿಸಿ.' ಯಾವತ್ತು? ಎಲ್ಲಿಗೆ? ಎಷ್ಟು ಹೊತ್ತಿಗೆ? ಕ್ರಾಂತಿಗೆ ಇಂಥ ಸಣ್ಣಪುಟ್ಟದ್ದೆಲ್ಲ ಬೇಕಾಗುವುದಿಲ್ಲ.

ಎಲ್ಲ ಹೊಡೆದುಹಾಕಿ ಹೊಸದಾಗಿ ಬರೆದೆ. ಮುಕ್ಕಾಲು ನಿಮಿಷ. ಶುರುವಿನಲ್ಲಿ ಮಾತಿಲ್ಲ. ಅಂಗಡಿಯ ಶಟರ್ ಎತ್ತುವ ಸದ್ದು, ನೆಲದ ಮೇಲೆ ಚಪ್ಪಲಿಗಳು, ಯಾವುದೋ ದೇಹ ಕುಸಿದ ಸದ್ದು. ಆಮೇಲೆ ಒಂದೇ ಸಾಲು: "ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಅವಳು ಬೀದಿಯಲ್ಲಿ ಮಲಗಿದಳು." ನಂತರ ಗಂಡ ಗೋಗರೆಯುತ್ತಾನೆ, ಉದ್ದಕ್ಕೆ: "ಏಳು, ಜನ ನೋಡ್ತಿದಾರೆ, ಏಳೇ." ಮಾಲೀಕ, ಅದಕ್ಕಿಂತ ಚಿಕ್ಕದು: "ಏಳು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ." ಪೊಲೀಸ್, ಒಂದೇ ಪದ: "ಏಳು!" ಪ್ರತಿ ಸಲ ಮಾತು ಚಿಕ್ಕದಾಗಬೇಕು, ಸದ್ದು ಹತ್ತಿರ ಬರಬೇಕು, ಕೆಳಗೆ ಅವಳ ಉಸಿರು ಮಾತ್ರ ಒಂದೇ ಸಮ ಇರಬೇಕು. ಒತ್ತಡ ಏರುವುದು ಹೀಗೆ, ಡೋಲು ಬಾರಿಸಿ ಅಲ್ಲ. ಪೊಲೀಸಿನ ಕೂಗಾದ ಮೇಲೆ ಪೂರ್ತಿ ಮೌನ. ಕೇಳುವವನು ಫೋನ್ ಕೆಟ್ಟಿತೇ ಎಂದು ನೋಡುವಷ್ಟು. ಅವಳು ಎದ್ದಳೋ ಇಲ್ಲವೋ ಹೇಳುವಂತಿಲ್ಲ. ಆಮೇಲೆ ವಿವರ.

ವಿವರದ ಕೆಳಗೆ ಸಂಗೀತ ಇರಬಾರದು, ಅದರಲ್ಲಿ ನಟನೆಯೂ ಇರಬಾರದು. ಇದನ್ನು ಯಾರಿಗೂ ಹೇಳಿ ಅರ್ಥ ಮಾಡಿಸಲಾರೆ. ಎಲ್ಲರೂ ವಿವರವನ್ನು ಔಷಧಿಯ ಹಾಗೆ ಬೇಗ ಬೇಗ ಕುಡಿಸಿಬಿಡುತ್ತಾರೆ.

ಮಾರ್ಚ್ ೧೧, ಮಂಗಳವಾರ

ವಿವರದ ಸಾಲುಗಳು ಮುಗಿದವು:

"ಬೀದಿ ನಾಟಕ 'ಏಳು'. ಮಾರ್ಚ್ ಇಪ್ಪತ್ತೊಂಬತ್ತು, ಶನಿವಾರ, ಸಂಜೆ ಆರು ಗಂಟೆಗೆ. ಬಟ್ಟೆ ಅಂಗಡಿ ಬೀದಿ, ಗಡಿಯಾರದ ಕಂಬದ ಕಡೆಯಿಂದ ಪ್ರವೇಶ. ಟಿಕೆಟ್ ನೂರು, ಹತ್ತು ವರ್ಷದೊಳಗಿನ ಮಕ್ಕಳಿಗೆ ಉಚಿತ. ಟಿಕೆಟ್ ಸಿಗುವುದು ಕಂಬದ ಎದುರಿನ ಪುಸ್ತಕದ ಅಂಗಡಿಯಲ್ಲಿ. ಕುರ್ಚಿ ಇರುವುದಿಲ್ಲ. ಕಂಬದ ಎದುರಿನ ಪುಸ್ತಕದ ಅಂಗಡಿ."

ಅಂಗಡಿಯನ್ನು ಎರಡು ಸಲ ಹೇಳಬೇಕು, ಬೆಲೆಯನ್ನು ಒಂದೇ ಸಲ. ಕ್ರಾಂತಿ 'ಮಕ್ಕಳಿಗೆ ಟಿಕೆಟ್ ಇಲ್ಲ' ಎಂದು ಬರೆದಿದ್ದ. ಹಾಗಂದರೆ ಮಕ್ಕಳು ಪುಕ್ಕಟೆ ಬರಬಹುದು ಅಂತಲೋ, ಬರಲೇಬಾರದು ಅಂತಲೋ? ಒಂದು ಪದಕ್ಕೆ ಎರಡು ಅರ್ಥ ಬಂದರೆ ಜನ ತಮಗೆ ಬೇಡದ್ದನ್ನೇ ಹಿಡಿದುಕೊಳ್ಳುತ್ತಾರೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ತಲೆ ಅಲ್ಲಾಡಿಸಿದ. ಇವನಿಗೆ ಪದ ಅಂದರೆ ಘೋಷಣೆ.

ಮಾರ್ಚ್ ೧೪, ಶುಕ್ರವಾರ

"ಆ ಅನ್ನಿ" ಅಂದರು ಡಾಕ್ಟರು. ಅಂದೆ.

ಮರಳು ಕಾಗದ ಉಜ್ಜಿದ ಸದ್ದು ಬಂತು. ಮತ್ತೊಮ್ಮೆ ಅಂದೆ. ಅದೇ. ಗಾಯ ಚೆನ್ನಾಗಿ ಮಾಗಿದೆಯಂತೆ, ತೊಂದರೆ ಏನೂ ಇಲ್ಲವಂತೆ. ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಬೇಕಂತೆ, ಕೂಗಲು ಮಾತ್ರ ಎಂದೆಂದೂ ಆಗದಂತೆ. ಹಳೆಯದು ಯಾವಾಗ ಬರುತ್ತದೆ ಎಂದು ಬರೆದು ಕೇಳಿದೆ. ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಇನ್ಮೇಲೆ ನಿಮ್ಮ ಧ್ವನಿ ಇದೇ ಅಮ್ಮಾ. ಅಭ್ಯಾಸ ಆಗುತ್ತೆ."

ಅಭ್ಯಾಸ ಆಗುತ್ತಂತೆ. ಮೂಗು ಕುಯ್ದು ಅಭ್ಯಾಸ ಆಗುತ್ತೆ ಅನ್ನಲಿ ನೋಡೋಣ.

ಬಸ್ ನಿಲ್ದಾಣದ ಕಚೇರಿಗೆ ಯಜಮಾನರು ಫೋನ್ ಮಾಡಿದರು. ಹೊಸ ಮಾರ್ಗಗಳು ಬಂದಿವೆ, ಪೂರ್ತಿ ಹೊಸದಾಗಿ ಬೇರೆಯವರಿಂದ ಓದಿಸುತ್ತೇವೆ ಎಂದರಂತೆ. ಬಹಳ ಮರ್ಯಾದೆಯಿಂದ ಹೇಳಿದರಂತೆ.

ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಳುವಾಗಲೂ ಅದೇ ಸದ್ದು. ಈ ಧ್ವನಿಯನ್ನು ಯಾರಿಗೂ ಕೇಳಿಸುವುದಿಲ್ಲ.

ಮಾರ್ಚ್ ೧೫, ಶನಿವಾರ

ಚೀಟಿಯೇ ಸಾಕು. "ಡಾಕ್ಟರು ಮಾತಾಡಿ ಅಂದ್ರಲ್ಲ" ಎಂದು ಯಜಮಾನರು ಬೆಳಗಿನಿಂದ ಹಿಂದೆ ಬಿದ್ದಿದ್ದಾರೆ. ಬಾಗಿಲು ಹಾಕಿಕೊಂಡೆ.

ಟೀಸರ್ ಕೈಬಿಡೋಣ ಅನ್ನಿಸಿತು. ಆದರೆ ನಾನು ಬರೆದದ್ದನ್ನು ಕ್ರಾಂತಿ ಓದಿ ಹಾಳುಮಾಡುವುದನ್ನು ನೆನೆದೇ ಮೈ ಉರಿಯಿತು. ತಮ್ಮನಿಗೂ ಅವನ ಹೆಂಡತಿಗೂ ಬರಲು ಬರೆದು ಕಳಿಸಿದೆ. ಬಟ್ಟೆಯ ಬೀರು ತೆರೆದು, ಸೀರೆಗಳ ಮಧ್ಯೆ ಮೈಕ್ ಇಟ್ಟೆ. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ, ಯಾವ ಸ್ಟುಡಿಯೋವೂ ಬೇಡ.

ಗಂಡನ ಮಾತನ್ನೂ ಮಾಲೀಕನ ಮಾತನ್ನೂ ಕ್ರಾಂತಿ ಹೇಳಿದ. ಮೈಕಿನಿಂದ ಹಿಂದೆ ನಿಲ್ಲಿಸಿ ನಿಲ್ಲಿಸಿ ಅಡುಗೆಮನೆಯವರೆಗೆ ಕಳಿಸಬೇಕಾಯಿತು, ಅಷ್ಟು ಅರಚು. ಪೊಲೀಸಿನ "ಏಳು!" ನಮ್ಮ ಯಜಮಾನರದು. ಜೀವಮಾನದಲ್ಲಿ ಯಾರಿಗೂ ಗದರದ ಮನುಷ್ಯ ಒಂದೇ ಸಲಕ್ಕೆ ಹೇಳಿ, ತಾವೇ ಹೆದರಿ ನನ್ನ ಮುಖ ನೋಡಿದರು.

ಶುರುವಿನ ಸಾಲೂ ವಿವರವೂ ಪಾತ್ರೆಯ ಪಾಲಿಗೆ ಬಂದವು, ಬೇರೆ ದಾರಿ ಇರಲಿಲ್ಲ. ಮೊದಲ ಸಲ ಶನಿವಾರವನ್ನು ಯುದ್ಧ ಘೋಷಣೆಯ ಹಾಗೆ ಓದಿದಳು. ಎರಡನೆಯ ಸಲ ನನ್ನನ್ನು ಅನುಕರಿಸಿದಳು, ಬಸ್ ನಿಲ್ದಾಣದ ನಯ ಹಾಕಿಕೊಂಡು. ಹೊಡೆಯಬೇಕು ಅನ್ನಿಸಿತು. ಚೀಟಿ ಬರೆದೆ: ಅಂಗಡಿಗೆ ಬಂದವರಿಗೆ ಬಟ್ಟೆಯ ಅಳತೆ ಹೇಳುವ ಹಾಗೆ ಹೇಳು.

"ಹಾಗಾ ಅತ್ತಿಗೆ? ಅದೇನ್ ಮಹಾ" ಅಂದು ಬೀರುವಿನೊಳಗೆ ತಲೆ ತೂರಿಸಿ, ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದುಕೊಂಡೇ ಹೇಳಿದಳು. ತಗಡಿನ ಸದ್ದು ಇದ್ದೇ ಇತ್ತು. ಆದರೆ ಪ್ರತಿ ಪದವೂ ಬೇರೆ ಬೇರೆಯಾಗಿ ಕೇಳಿಸಿತು. ನಡೆಯುತ್ತದೆ, ಅಷ್ಟೇ. ಚೆನ್ನಾಗಿದೆ ಎಂದು ನಾನು ಬರೆದುಕೊಡಲಿಲ್ಲ.

ಹೋಗುವಾಗ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳ ಕಾಲು ನೋಡಿದೆ. ಹಗ್ಗ ಸುತ್ತಿದ ಹಾಗೆ ನರಗಳು. ನಿಂತು ನಿಂತೇ ಹಾಗಾಗಿದೆಯಂತೆ.

ಮಾರ್ಚ್ ೧೭, ಸೋಮವಾರ

ದಿನವಿಡೀ ಕತ್ತರಿಸಿ ಜೋಡಿಸಿದೆ. ದೇಹ ಕುಸಿಯುವ ಸದ್ದಿಗೆ ಅಕ್ಕಿಯ ಚೀಲ ಬೀಳಿಸಿದೆ. ನನ್ನ ದೊಡ್ಡ ಸ್ಪೀಕರಿನಲ್ಲಿ ಎದೆ ನಡುಗುವಂತಿತ್ತು. ಫೋನಿನಲ್ಲಿ ಕೇಳಿದರೆ ಏನೂ ಇಲ್ಲ, ಫೋನಿನ ಸಣ್ಣ ಸ್ಪೀಕರಿನಲ್ಲಿ ಆಳದ ಸದ್ದು ಕೇಳಿಸುವುದೇ ಇಲ್ಲ. ಮೇಲೊಂದು ಬಳೆಯ ಸದ್ದು ಸೇರಿಸಿದೆ, ಬಿದ್ದದ್ದು ಹೆಂಗಸು ಎಂದು ತಿಳಿಯಿತು.

ಆ ಮೌನ ಇದೆಯಲ್ಲ, ಪೊಲೀಸಿನ ನಂತರದ್ದು, ಅದಕ್ಕೇ ಒಂದು ಗಂಟೆ ಹಿಡಿಯಿತು. ಚಿಕ್ಕದಾದರೆ ತಪ್ಪಿದ ಹಾಗೆ, ದೊಡ್ಡದಾದರೆ ಮುಗಿದ ಹಾಗೆ. ಸರಿಯಾಗಿ ಕೂತಾಗ ಫೋನ್ ಕೆಟ್ಟಿತೇ ಎಂದು ನಾನೇ ತಿರುಗಿಸಿ ನೋಡಿದೆ. ಈ ಊರಿನಲ್ಲಿ ಇದನ್ನು ಕೇಳುವ ಕಿವಿ ಯಾರಿಗಿದೆ ಅನ್ನುವುದು ಬೇರೆ ಮಾತು.

ಪಾತ್ರೆಗೆ ಒಂದು ಸ್ಟೂಲ್ ಕಳಿಸಿದೆ. ಸುಮ್ಮನೆ ಮನೆಯಲ್ಲಿ ಜಾಗ ತಿನ್ನುತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ಫೋನಿನ ಟೀಸರ್ ಹೊರಟಿದೆ. ವ್ಯಾನಿನದೂ ಇವತ್ತು ಹೊರಟಿತು. ವ್ಯಾನಿನವನು ಮೈಕ್ ಕಟ್ಟುತ್ತಾ ಒಮ್ಮೆ ಕೇಳಿ, "ಮಧ್ಯ ಇಷ್ಟೊತ್ತು ಸುಮ್ನಿರುತ್ತಲ್ಲ ಮೇಡಂ, ಗಾಡಿ ಮುಂದೆ ಹೋಗಿರುತ್ತಲ್ಲ?" ಅಂದ. ಮೌನ ಅಂದರೆ ಇವನಿಗೆ ಕರೆಂಟು ಹೋದದ್ದು. ಹಾಗೇ ಹಾಕಿ ಎಂದು ಬರೆದುಕೊಟ್ಟೆ.

ಮೂರನೇ ಸಲ ನಮ್ಮ ಬೀದಿಗೆ ಬಂದಾಗ ಕಿಟಕಿಯಲ್ಲಿ ನಿಂತಿದ್ದೆ. "ಏಳು! ಏಳು!" ಎಂದು ಗೋಡೆಗಳು ಅದುರಿದವು. ಎದುರು ಮನೆಯ ಮುದುಕ ಪೇಪರ್ ಕೆಳಗಿಟ್ಟ. ಹೆಮ್ಮೆ ಅನ್ನಿಸಿತು, ಸುಳ್ಳೇಕೆ.

ಮಾರ್ಚ್ ೨೭, ಗುರುವಾರ

ಪುಸ್ತಕದ ಅಂಗಡಿಯಲ್ಲಿ ಟಿಕೆಟ್ ಮುಗಿಯುತ್ತಾ ಬಂದಿವೆಯಂತೆ. ತಮ್ಮ ಫೋನ್ ಮಾಡಿ ಕುಣಿದ. ಬಸ್ ನಿಲ್ದಾಣದಲ್ಲಿ ಹೊಸ ಧ್ವನಿ ಬಂದಿದೆಯೆಂದು ಯಜಮಾನರು ಹೇಳಿದರು. ನಾನು ಕೇಳಲು ಹೋಗಲಿಲ್ಲ.

ಮಾರ್ಚ್ ೩೦, ಭಾನುವಾರ

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ಆರಕ್ಕೆ ಹಗ್ಗದೊಳಗೆ ಇದ್ದವರು ಬೆರಳಲ್ಲಿ ಎಣಿಸುವಷ್ಟಲ್ಲದಿದ್ದರೂ, ಮಾರಿದ ಟಿಕೆಟ್ಟಿನ ಅರ್ಧವೂ ಅಲ್ಲ. ಟಿಕೆಟ್ ತೆಗೆದುಕೊಂಡು ಬರದಿರುವ ಗಿರಾಕಿಗಳು ಈ ಊರಿನಲ್ಲೇ ಸಿಗಬೇಕು ಎಂದು ಮನಸ್ಸಿನಲ್ಲೇ ಬೈದೆ. ವಾರ್ಡ್ ಕಚೇರಿಯ ಅನುಮತಿ ಏಳೂವರೆವರೆಗೆ ಮಾತ್ರ. ಕಾಯುವಂತಿರಲಿಲ್ಲ. ಶುರುವಾಯಿತು.

ಪಾತ್ರೆ ಮಲಗಿದಳು. ಡಾಂಬರಿನ ಮೇಲೆ ಏನೂ ಹಾಸದೆ ಮೈ ಚಾಚಿ, ಕೆನ್ನೆ ಒತ್ತಿ. ಗಂಡನ ಪಾತ್ರದವನು ಗೋಗರೆದ. ಮಾಲೀಕನಾಗಿ ನಮ್ಮ ಕ್ರಾಂತಿ ಅರಚಿದ. ಪೊಲೀಸಿನವನು ಬೂಟು ಬಡಿದ. ಅವಳು ಒಂದು ಮಾತೂ ಆಡಲಿಲ್ಲ, ಆ ತಗಡಿನ ಬಾಯಿಯವಳು. ಉಸಿರಾಡುವುದು ಮಾತ್ರ ಕಾಣುತ್ತಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದವಳು ಯಾವಾಗ ಮುಂದೆ ಬಂದೆನೋ ಗೊತ್ತಿಲ್ಲ. ಕೊನೆಗೆ ಗಂಡ ಕೂತ, ಪೊಲೀಸ್ ಕೂತ, ಮಾಲೀಕನೂ ಕೂತ. ಬಂದಿದ್ದವರು ಒಬ್ಬೊಬ್ಬರಾಗಿ ಬೀದಿಯಲ್ಲೇ ಕೂರತೊಡಗಿದರು. ಅವಳು ಏಳುವುದೊಂದೇ ಬಾಕಿ.

ಆಗ ಗಡಿಯಾರದ ಕಂಬದ ಕಡೆಯಿಂದ ದಂಡೇ ಬಂತು. ಕೈಯಲ್ಲಿ ಟಿಕೆಟ್ ಹಿಡಿದು, ಮಕ್ಕಳನ್ನು ಎಳೆದುಕೊಂಡು. ಒಳಗೆ ಆಗಲೇ ನಾಟಕ ನಡೆಯುತ್ತಿರುವುದನ್ನು ಕಂಡು ಗಲಾಟೆ ಶುರು.

"ಏನ್ರೀ ಇದು? ಆಗ್ಲೇ ಶುರು ಮಾಡ್ಬಿಟ್ಟಿದೀರಾ?"

"ಟೈಮ್ ಆರು ಸರ್" ಎಂದ ಹಗ್ಗದ ಬಳಿ ನಿಂತಿದ್ದವನು.

"ಯಾವ ಆರು? ಒಂದು ವಾರ ವ್ಯಾನಲ್ಲಿ ಬಡ್ಕೊಂಡಿದ್ದೇನು? ಏಳು, ಏಳು ಅಂತ ತಾನೇ?"

"ಹೌದ್ರೀ, ನಮ್ಮನೆ ಮುಂದೇನೂ ಅದೇ. ಏಳು! ಏಳು!"

ಆಗ ಗೊತ್ತಾಯಿತು ನನಗೆ. ಓಡುವ ವ್ಯಾನನ್ನು ಯಾರೂ ಮೊದಲಿಂದ ಕೊನೆಯವರೆಗೆ ಕೇಳುವುದಿಲ್ಲ. ನನ್ನ ಆ ಅಮೋಘ ಮೌನದಲ್ಲಿ ವ್ಯಾನು ಮುಂದಿನ ಬೀದಿಗೆ ಹೋಗಿರುತ್ತಿತ್ತು, ಆರು ಗಂಟೆಯನ್ನು ಕಟ್ಟಿಕೊಂಡು. ಮನೆಗಳಲ್ಲಿದ್ದವರ ಕಿವಿಗೆ ಬಿದ್ದದ್ದು ಏಳು ಮಾತ್ರ. ಟಿಕೆಟ್ಟಿನ ಮೇಲೆ ದಿನವಿತ್ತು, ಜಾಗವಿತ್ತು, ಗಂಟೆ ಹಾಕಿಸುವುದು ಕ್ರಾಂತಿಗೆ ಹೊಳೆದಿರಲಿಲ್ಲ. ಅವರು ಅದನ್ನು ಗಂಟೆ ಅಂದುಕೊಂಡರು. ಬೇರೆ ಏನು ಅಂದುಕೊಳ್ಳಬೇಕಿತ್ತು?

ಹಿಂದೆ ನಿಂತವರು ತಮಾಷೆಗೋ ಸಿಟ್ಟಿಗೋ ಒಟ್ಟಿಗೆ ಕೂಗತೊಡಗಿದರು. "ಏಳು! ಏಳು! ಏಳು!" ಕೂತಿದ್ದವರು ತಿರುಗಿ ನೋಡಿದರು, ಕೆಲವರು ಎದ್ದೇಬಿಟ್ಟರು. ಕ್ರಾಂತಿ ಕೂತಲ್ಲಿಂದಲೇ ಹೆಂಡತಿಗೆ ಎದ್ದುಬಿಡೆಂದು ಕೈ ಆಡಿಸಿದ. ಅವಳು ಏಳಲಿಲ್ಲ. ಹೇಗೆ ಏಳುತ್ತಾಳೆ? ನೂರು ಜನ ಏಳು ಎಂದು ಗದರುವಾಗ ಎದ್ದರೆ ಪೊಲೀಸಿನ ಮಾತಿಗೆ ಎದ್ದ ಹಾಗೆಯೇ. ಇಷ್ಟು ಹೊತ್ತು ಮಲಗಿದ್ದೆಲ್ಲ ಮಣ್ಣುಪಾಲು. ಕಣ್ಣು ಮುಚ್ಚಿದ್ದಳು, ಕೆನ್ನೆ ಬಿಗಿಯಾಗಿತ್ತು. ಅವಳಿಗೆ ಅರ್ಥವಾಗಿತ್ತು, ಆ ಪೆದ್ದ ಗಂಡನಿಗೆ ಆಗಿರಲಿಲ್ಲ.

ಚೀಟಿ ಬರೆಯಲು ಪುರಸೊತ್ತಿರಲಿಲ್ಲ. ಬರೆದರೂ ಯಾರು ಓದುತ್ತಾರೆ. ಹಗ್ಗದ ಹತ್ತಿರ ಹೋದೆ. ಮುಂದೆ ಹೆಲ್ಮೆಟ್ ಹಿಡಿದ ಒಬ್ಬ ದಪ್ಪ ಮನುಷ್ಯ, ಅವನದೇ ದೊಡ್ಡ ಗಂಟಲು.

"ಕೂತ್ಕೊಳ್ಳಿ" ಅಂದೆ.

ಮರಳು ಕಾಗದ. ಅವನು ಕೂಗುವುದನ್ನು ನಿಲ್ಲಿಸಿದ. "ಏನಂದ್ರಿ?"

"ತಪ್ಪು ನಂದು. ಅದನ್ನ ಮಾಡಿದ್ದು ನಾನು. ಏಳು ಅಂದ್ರೆ ಗಂಟೆ ಅಲ್ಲ, ನಾಟಕದ ಹೆಸರು."

"ಏನು? ಕೇಳಿಸ್ತಿಲ್ಲ ಅಮ್ಮಾ."

ಜೋರಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅವನೇ ಬಗ್ಗಿ ಕಿವಿ ಕೊಟ್ಟ. ಅವನ ಹಿಂದಿನವಳೂ ಬಗ್ಗಿದಳು. "ಶ್, ಸುಮ್ನಿರ್ರಪ್ಪ, ಅವರೇನೋ ಹೇಳ್ತಿದಾರೆ" ಎಂದು ಯಾರೋ ಹಿಂದಕ್ಕೆ ಹೇಳಿದರು, ಅವರು ತಮ್ಮ ಹಿಂದಿನವರಿಗೆ ಹೇಳಿದರು. ನನ್ನ ಹಳೆಯ ಧ್ವನಿಗೆ ಇಷ್ಟು ವರ್ಷದಲ್ಲಿ ಯಾರೂ ಬಗ್ಗಿದ್ದಿಲ್ಲ. ಅದನ್ನು ಕೇಳುತ್ತಾ ಜನ ಬಾಳೆಹಣ್ಣು ಸುಲಿಯುತ್ತಿದ್ದರು.

"ಆ ಹುಡುಗಿ ಅಲ್ಲಿ ನೆಲದ ಮೇಲಿದಾಳೆ" ಅಂದೆ. "ನೀವು ಕೂಗಿದ್ರೆ ಅವಳು ಏಳಲ್ಲ. ನಿಮ್ಮ ಟಿಕೆಟ್ ಇನ್ನೊಂದು ದಿನಕ್ಕೆ ನಡೆಯುತ್ತೆ, ಅದನ್ನ ನಾನು ನೋಡ್ಕೋತೀನಿ. ಈಗ ಸುಮ್ನೆ ಕೂತ್ಕೊಳ್ಳಿ."

ಉಸಿರು ಮುಗಿಯಿತು. ನಾನೇ ಮೊದಲು ಕೂತೆ. ದಪ್ಪ ಮನುಷ್ಯ ಸುತ್ತ ನೋಡಿ, ಹೆಲ್ಮೆಟ್ ಕೆಳಗಿಟ್ಟು, ಅದರ ಪಕ್ಕದಲ್ಲಿ ಕಷ್ಟಪಟ್ಟು ಕೂತ. ಆಮೇಲೆ ಎಲ್ಲರೂ, ಹಗ್ಗದ ಆಚೆಯವರೂ, ಕಂಬದವರೆಗೂ.

ಯಾರೂ ಮಾತಾಡಲಿಲ್ಲ. ಇಷ್ಟುದ್ದದ ಮೌನವನ್ನು ನಾನು ಬಿಡುತ್ತಿರಲಿಲ್ಲ, ಕತ್ತರಿಸುತ್ತಿದ್ದೆ. ಅವಳು ಬಿಟ್ಟಳು. ಆಮೇಲೆ ಮೊಣಕೈ ಊರಿದಳು, ಕೆನ್ನೆಗೆ ಅಂಟಿದ ಮಣ್ಣನ್ನೂ ಒರೆಸದೆ ಎದ್ದು ನಿಂತಳು.

ಚಪ್ಪಾಳೆ ಬಹಳ ಹೊತ್ತು ಇತ್ತು. ತಮ್ಮ ಅತ್ತ, ನಾಚಿಕೆಯಿಲ್ಲದವನು.

ಏಪ್ರಿಲ್ ೨, ಬುಧವಾರ

ಮತ್ತೊಂದು ಶನಿವಾರಕ್ಕೆ ಅನುಮತಿ ಸಿಕ್ಕಿದೆ, ಹನ್ನೆರಡನೇ ತಾರೀಕು. ಬಂದವರೇ ಮತ್ತೆ ಬರುತ್ತಾರಂತೆ, ಮಾಡಲು ಬೇರೆ ಕೆಲಸವಿಲ್ಲದ ಊರು. ವ್ಯಾನಿನ ಟೀಸರ್ ಹೊಸದಾಗಿ ಬರೆದೆ. ಈಗ ವಿವರವೇ ಮೊದಲು, ವಿವರವೇ ಕೊನೆ. ಮೌನ ತೆಗೆದುಹಾಕಿದೆ. ಹೊಟ್ಟೆ ಉರಿಯಿತು, ಆದರೂ ತೆಗೆದೆ.

ಓದಲು ಪಾತ್ರೆ ಬಂದಳು. ಬೀರುವಿನ ಮುಂದೆ ನಿಂತು, ಕಾಗದ ನೋಡಿ, ನನ್ನ ಕೈಗೇ ತಿರುಗಿ ಕೊಟ್ಟಳು.

"ಇದನ್ನ ನೀವೇ ಹೇಳಿ ಅತ್ತಿಗೆ. ಅವತ್ತು ಕೂತ್ಕೊಳ್ಳಿ ಅಂದ್ರಲ್ಲ, ನನಗೆ ಅಲ್ಲಿಗೆ ಕೇಳಿಸ್ತು."

"ನಿನಗೆ ತಲೆ ಕೆಟ್ಟಿದೆ" ಅಂದೆ. "ಈ ಗಂಟಲಲ್ಲಾ?"

"ಹ್ಞೂಂ. ಅದರಲ್ಲೇ."

ಅವಳನ್ನು ಮನೆಯಲ್ಲಿದ್ದ ಇನ್ನೊಂದು ಸ್ಟೂಲ್ ಮೇಲೆ ಕೂರಿಸಿದೆ, ನಿಂತರೆ ಉಸಿರು ಮೈಕಿಗೆ ಬಡಿಯುತ್ತದೆ ಎಂದು ನೆಪ ಹೇಳಿ. ಸೀರೆಗಳ ಮಧ್ಯೆ ಮುಖ ಇಟ್ಟು ಓದಿದೆ. ಶನಿವಾರ, ಸಂಜೆ ಆರು ಗಂಟೆಗೆ, ಏಳಕ್ಕಲ್ಲ, ಆರಕ್ಕೆ. ಹಾಕಿ ಕೇಳಿದೆ. ಯಾರೋ ಮುದುಕಿ ಜಗಲಿಯಲ್ಲಿ ಕೂತು ಗದರುತ್ತಿರುವ ಹಾಗಿದೆ. ಸಹಿಸುವುದಕ್ಕಾಗುವುದಿಲ್ಲ.

ವ್ಯಾನಿನವನಿಗೆ ಅದನ್ನೇ ಕಳಿಸಿದೆ.